ನಾಲ್ಕು ತಾಲೂಕಿನ ಸುದ್ದಿ ವಿಂಗಡಿಸುವ ನಮ್ಮದೊಂದು ಪುಟ್ಟ ಆ್ಯಪ್

ಡೆಸ್ಕ್ ಕೆಲಸಕ್ಕೆ ಅರ್ಜಿ ಹಾಕಿದಾಗ ಬರೆದ ಸುದ್ದಿಗಳ ಕಟಿಂಗ್ ಕಳಿಸುವುದು ನಮಗೆ ರೂಢಿ. ಹೋದ ವರ್ಷ ಒಂದು ಕಡೆ ಕಟಿಂಗ್ ಜೊತೆಗೆ 'ನೀವೇ ಮಾಡಿದ ಡೇಟಾ ಕೆಲಸ ಯಾವುದಾದರೂ ಇದ್ದರೆ ಲಿಂಕ್ ಕೊಡಿ' ಅಂತ ಕೇಳಿದರು. ನಮ್ಮ ಹತ್ತಿರ ಲಿಂಕ್ ಇರಲಿಲ್ಲ. ಇದ್ದದ್ದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲೂಕುಗಳಿಂದ ಕಳಿಸಿದ ಐದು ವರ್ಷದ ಸುದ್ದಿಗಳು. ಡಿಪ್ಲೊಮಾದಲ್ಲಿ ಜೊತೆಗೆ ಓದಿದ ನಾವಿಬ್ಬರು ನಮ್ಮ ನಮ್ಮ ಫೈಲುಗಳನ್ನು ಒಂದೆಡೆ ಸುರಿದೆವು. ಒಟ್ಟು 1,140 ಸುದ್ದಿ. ಹಳೆಯವು ನುಡಿಯಲ್ಲಿ ಟೈಪಾಗಿದ್ದವು, ಅವನ್ನು ಯೂನಿಕೋಡ್‌ಗೆ ಬದಲಿಸುವುದಕ್ಕೇ ಎರಡು ಭಾನುವಾರ ಹೋಯಿತು.

ಮಾಡಬೇಕೆಂದುಕೊಂಡದ್ದು ಚಿಕ್ಕ ಕೆಲಸ. ಒಂದು ಸುದ್ದಿ ಹಾಕಿದರೆ ಅದು ನೀರು-ಮಳೆಯದೋ, ಬೆಳೆ-ಮಾರುಕಟ್ಟೆಯದೋ, ಅಪಘಾತ-ಅಪರಾಧದ್ದೋ, ಸಭೆ-ಕಾರ್ಯಕ್ರಮದ್ದೋ ಅಂತ ಹೇಳಬೇಕು, ಅಷ್ಟೆ. ಪ್ರತಿ ಸುದ್ದಿಗೂ ನಾವೇ ಕೂತು ಈ ನಾಲ್ಕರಲ್ಲಿ ಒಂದು ಚೀಟಿ ಅಂಟಿಸಿದೆವು. ಉಳಿದದ್ದು scikit-learn ಎಂಬ ಉಚಿತ ತಂತ್ರಾಂಶದ ಕೆಲಸ. ಯಾವ ಪದಗಳು ಯಾವ ಚೀಟಿಯ ಜೊತೆ ಹೆಚ್ಚು ಬರುತ್ತವೆ ಅಂತ ಅದು ಲೆಕ್ಕ ಇಟ್ಟುಕೊಳ್ಳುತ್ತದೆ. ಹೊಸ ಸುದ್ದಿ ಬಂದಾಗ ಆ ಲೆಕ್ಕದ ಮೇಲೆ ಊಹಿಸುತ್ತದೆ. ಈ ಲೆಕ್ಕದ ಪುಸ್ತಕಕ್ಕೇ ಮಾಡೆಲ್ ಅನ್ನುತ್ತಾರೆ. ಅದಕ್ಕೆ ಸುದ್ದಿಯ ಅರ್ಥ ಗೊತ್ತಾಗುವುದಿಲ್ಲ.

ಕಲಿಸುವಾಗ ತೋರಿಸದೆ ಪಕ್ಕಕ್ಕಿಟ್ಟ 200 ಸುದ್ದಿಗಳ ಮೇಲೆ ಪರೀಕ್ಷೆ ಮಾಡಿದೆವು. ನೂರಕ್ಕೆ 91 ಸರಿ! ಬೆಂಗಳೂರಿನಲ್ಲಿರುವ ಗೆಳೆಯನಿಗೆ ಹೇಳಿದಾಗ, 'ವಿಂಗಡಣೆ ಗಿಂಗಡಣೆ ಯಾರಿಗೆ ಬೇಕ್ರೋ, ಸುಳ್ಳು ಸುದ್ದಿ ಪತ್ತೆ ಆ್ಯಪ್ ಅಂತ ಹೆಸರಿಡಿ, ಕರೆದು ಕೆಲಸ ಕೊಡ್ತಾರೆ' ಅಂದ. ಒಂದು ರಾತ್ರಿ ನಮಗೂ ಆಸೆಯಾಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಬೆಳಿಗ್ಗೆ ಆ 91 ಯಾಕೋ ಅನುಮಾನ ತಂತು. ಪಕ್ಕಕ್ಕಿಟ್ಟ ಸುದ್ದಿಗಳನ್ನು ಓದುತ್ತಾ ಹೋದಾಗ ಕಾರಣ ಸಿಕ್ಕಿತು. ಒಂದೇ ಪ್ರೆಸ್‌ನೋಟ್ ನಮ್ಮಿಬ್ಬರಿಗೂ ಬರುತ್ತದೆ. ಒಬ್ಬರು ಹೊಸದುರ್ಗದ ಡೇಟ್‌ಲೈನ್ ಹಾಕಿ, ಇನ್ನೊಬ್ಬರು ಚಿತ್ರದುರ್ಗದ್ದು ಹಾಕಿ ಕಳಿಸಿರುತ್ತೇವೆ. ಒಂದು ಪ್ರತಿ ಕಲಿಕೆಯಲ್ಲಿ, ಇನ್ನೊಂದು ಪರೀಕ್ಷೆಯಲ್ಲಿ ಬಿದ್ದಿತ್ತು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ಹುಡುಗ ಪಾಸಾದ ಹಾಗೆ. ಜೋಡಿಗಳನ್ನು ತೆಗೆದಾಗ 860 ಉಳಿದವು. ಈ ಸಲ ಕಲಸಿ ಎತ್ತದೆ, ಕೊನೆಯ ಆರು ತಿಂಗಳ ಸುದ್ದಿಯನ್ನು ಪರೀಕ್ಷೆಗೆ, ಅದಕ್ಕೂ ಹಿಂದಿನದನ್ನು ಕಲಿಕೆಗೆ ಅಂತ ಬೇರೆ ಮಾಡಿದೆವು. ಆ್ಯಪ್‌ಗೆ ನಾಳೆ ಬರುವುದು ನಾಳೆಯ ಸುದ್ದಿಯೇ ಅಲ್ಲವೇ. ಅಂಕ 70ಕ್ಕೆ ಇಳಿಯಿತು.

70 ಕೂಡ ಯಾಕೆ ಇಷ್ಟು ಕಮ್ಮಿ ಅಂತ ಹುಡುಕಿದ್ದೇ ಈ ಕೆಲಸದಲ್ಲಿ ನಮಗೆ ತುಂಬ ಕಲಿಸಿದ ಭಾಗ. 'ಹಿರಿಯೂರಿಗೆ ನೀರು ಬೇಕು' ಅಂತ ಟೈಪ್ ಮಾಡಿದೆವು. ಉತ್ತರ: ಸಭೆ-ಕಾರ್ಯಕ್ರಮ. ನೀರು ಅನ್ನುವ ಪದ ಇದ್ದರೂ! ಮಾಡೆಲ್ ಕಲಿತ ಪದಗಳ ಪಟ್ಟಿಯನ್ನು `get_feature_names_out()` ಎಂಬ ಆಜ್ಞೆಯಿಂದ ತೆಗೆಸಿ ನೋಡಿದರೆ ಅದರಲ್ಲಿ 'ನೀರು' ಇಲ್ಲ, 'ಹಿರಿಯೂರು' ಇಲ್ಲ, 'ಬೆಳೆ'ಯೂ ಇಲ್ಲ. 'ಅಪಘ', 'ಅಡ', 'ಳಲ' ಅಂತ ಏನೇನೋ ತುಂಡುಗಳಿವೆ.

ಆಗಿದ್ದು ಇಷ್ಟು. ಪದ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಗುರುತಿಸಲು `TfidfVectorizer` ಒಂದು ಸಿದ್ಧ ನಿಯಮ ಇಟ್ಟುಕೊಂಡಿದೆ: `(?u)\b\w\w+\b`. ಕನಿಷ್ಠ ಎರಡು ಅಕ್ಷರ ಅಕ್ಕಪಕ್ಕ ಇದ್ದರೆ ಮಾತ್ರ ಪದ ಅಂತ ಇದರ ಅರ್ಥ. ಇಂಗ್ಲಿಷಿಗೆ ಸರಿ. ಆದರೆ ನಮ್ಮ ಗುಡಿಸು, ಕೊಂಬು, ಏತ್ವ, ದೀರ್ಘ, ಒತ್ತಿನ ಗುರುತು ಯಾವುದನ್ನೂ ಅದು ಅಕ್ಷರ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಲ್ಲಿಗೇ ಪದವನ್ನು ಕತ್ತರಿಸುತ್ತದೆ. 'ನೀರು' ಅಂದರೆ ಅದಕ್ಕೆ ಬಿಡಿ 'ನ', ಬಿಡಿ 'ರ'. ಒಂಟಿ ಅಕ್ಷರಗಳು, ಆದ್ದರಿಂದ ಎರಡೂ ಕಸದ ಬುಟ್ಟಿಗೆ. ನಾವು ಟೈಪ್ ಮಾಡಿದ ವಾಕ್ಯದಲ್ಲಿ ಎಲ್ಲ ವ್ಯಂಜನಕ್ಕೂ ಒಂದೊಂದು ಗುರುತು ಇರುವುದರಿಂದ ಇಡೀ ವಾಕ್ಯವೇ ಮಾಯ. ಖಾಲಿ ಹಾಳೆ ಕೊಟ್ಟರೆ ಮಾಡೆಲ್ ಏನು ಮಾಡೀತು? ನಮ್ಮಲ್ಲಿ ಎಲ್ಲಕ್ಕಿಂತ ಹೆಚ್ಚಿದ್ದ ಚೀಟಿಯನ್ನೇ ಹೇಳಿತು. ಸ್ಟ್ರಿಂಗರ್‌ಗಳ ಫೈಲಿನಲ್ಲಿ ಯಾವುದು ಹೆಚ್ಚಿರುತ್ತದೆ ಅಂತ ಬೇರೆ ಹೇಳಬೇಕೆ. 'ಅಡಿಕೆ'ಯೂ 'ಅಡುಗೆ'ಯೂ 'ಅಡ' ಆಗಿ ಒಂದೇ ಆಗಿದ್ದವು. ಹೊಳಲ್ಕೆರೆಯಿಂದ 'ಳಲ' ಉಳಿದಿತ್ತು.

ಬೇಸರದ ಸಂಗತಿ ಅಂದರೆ ಎಲ್ಲೂ ಕೆಂಪು ಅಕ್ಷರದಲ್ಲಿ ತಪ್ಪು ತೋರಿಸುವುದಿಲ್ಲ, ಅಂಕವೂ ತಕ್ಕಮಟ್ಟಿಗೆ ಬರುತ್ತದೆ. ಪಟ್ಟಿ ತೆಗೆಸಿ ಕಣ್ಣಾರೆ ಓದಿದರೆ ಮಾತ್ರ ಗೊತ್ತಾಗುವುದು. ಪರಿಹಾರ ಮಾತ್ರ ಒಂದೇ ಸಾಲು: `analyzer="char_wb", ngram_range=(2, 5)`. ಪದ ಹುಡುಕುವ ಬದಲು, ಗುರುತುಗಳನ್ನೂ ಸೇರಿಸಿ ಎರಡರಿಂದ ಐದರ ತುಂಡುಗಳನ್ನು ಎಣಿಸು ಅಂತ ಹೇಳಿದ ಹಾಗೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಹಿರಿಯೂರಿಗೆ, ಹಿರಿಯೂರಿನಲ್ಲಿ, ಹಿರಿಯೂರಿಂದ ಅಂತ ವಿಭಕ್ತಿ ಬದಲಾದರೂ ಮುಂದಿನ ತುಂಡುಗಳು ಒಂದೇ ಇರುತ್ತವೆ. ಅಂಕ 79ಕ್ಕೆ ಬಂತು, ಅಲ್ಲಿಗೆ ನಿಲ್ಲಿಸಿದೆವು.

ಇದನ್ನು ಬೇರೆಯವರು ಫೋನಿನಲ್ಲಿ ತೆರೆಯುವ ಹಾಗೆ ಮಾಡಿದ್ದು Streamlit. ಪುಟಕ್ಕೆ ಬೇಕಾದ ಕೋಡ್ ಇಷ್ಟೇ:

```python
import joblib, streamlit as st
model = joblib.load("suddi.joblib")
t = st.text_area("ಸುದ್ದಿ ಇಲ್ಲಿ ಹಾಕಿ")
if st.button("ನೋಡು") and t.strip():
    p = model.predict_proba([t])[0]
    if p.max() < 0.6:
        st.write("ಗೊತ್ತಾಗಲಿಲ್ಲ")
    else:
        st.write(model.classes_[p.argmax()])
```

ಕೊನೆಯ ನಾಲ್ಕು ಸಾಲಿನ ಬಗ್ಗೆ ಒಂದು ಮಾತು. ನಾಲ್ಕು ಚೀಟಿಗೂ ಮಾಡೆಲ್ ಒಂದೊಂದು ಅಂದಾಜು ಕೊಡುತ್ತದೆ. ಅದರಲ್ಲಿ ದೊಡ್ಡದೂ 0.6 ಮುಟ್ಟದಿದ್ದರೆ ಸುಮ್ಮನೆ ಒಂದು ಹೆಸರು ಹೇಳುವ ಬದಲು 'ಗೊತ್ತಾಗಲಿಲ್ಲ' ಅನ್ನಲಿ ಅಂತ ಮಾಡಿದೆವು. ಹಾಗಂತ ಇದು ಪೂರ್ತಿ ಕಾಪಾಡುವುದಿಲ್ಲ. ಒಂದು ಮದುವೆ ಕರೆಯೋಲೆ ಹಾಕಿದೆವು. ಧೈರ್ಯವಾಗಿ 'ಸಭೆ-ಕಾರ್ಯಕ್ರಮ' ಅಂದಿತು. ಅದಕ್ಕೆ ಗೊತ್ತಿರುವುದು ನಾಲ್ಕೇ ಡಬ್ಬಿ, ಐದನೆಯದು ಜಗತ್ತಿನಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ.

ಇನ್ನೊಂದು ಪರೀಕ್ಷೆಗೆ 2022ರ ಸೆಪ್ಟೆಂಬರ್ ನೆನಪು ಮಾಡಿಕೊಂಡು ಒಂದು ಸುದ್ದಿ ಬರೆದು ಹಾಕಿದೆವು. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದ ಸಂಭ್ರಮ, ಗಣ್ಯರು ಬಾಗಿನ ಅರ್ಪಿಸಿದ್ದು. ಆ್ಯಪ್ ಸಭೆ-ಕಾರ್ಯಕ್ರಮ ಅಂದಿತು. ತಪ್ಪು ಅಂತ ಬೈಯುವ ಮೊದಲು ನಮ್ಮ ಹಳೇ ಚೀಟಿಗಳನ್ನು ನೋಡಿದೆವು. ಬಾಗಿನದ ಸುದ್ದಿಗೆ ನಮ್ಮಲ್ಲಿ ಒಬ್ಬರು 'ನೀರು' ಅಂತ, ಇನ್ನೊಬ್ಬರು 'ಸಭೆ' ಅಂತ ಅಂಟಿಸಿದ್ದೆವು. ನಮ್ಮಲ್ಲೇ ಒಮ್ಮತ ಇಲ್ಲದ ಕಡೆ ಮಾಡೆಲ್‌ನಿಂದ ಏನು ಬಯಸುವುದು.

ಸುಳ್ಳು ಸುದ್ದಿ ಪತ್ತೆ ಅನ್ನುವ ಹೆಸರು ಬಿಟ್ಟಿದ್ದೂ ಇದೇ ಕಾರಣಕ್ಕೆ. ನಮ್ಮ 860ರಲ್ಲಿ 'ಇದು ಸುಳ್ಳು' ಅಂತ ಚೀಟಿ ಅಂಟಿಸಿದ್ದು ಒಂದೂ ಇಲ್ಲ. ನಮ್ಮ ಧಾಟಿಯಲ್ಲಿ ಬರೆದ ಹಸಿ ಸುಳ್ಳನ್ನು ಇದು ನೀರು-ಮಳೆ ಅಂತ ಶಾಂತವಾಗಿ ವಿಂಗಡಿಸುತ್ತದೆ. ಊರಿನ ಗ್ರೂಪಿನಲ್ಲಿ ಯಾರಾದರೂ 'ಆ್ಯಪ್ ಸರಿ ಅಂದಿದೆ' ಅಂತ ಹಾಕಿದರೆ ಬೈಗುಳ ತಿನ್ನುವುದು ಅದೇ ಊರಲ್ಲಿ ಓಡಾಡುವ ನಾವು.

ಸುದ್ದಿಗಳ ಫೈಲನ್ನು ಅಂತರ್ಜಾಲಕ್ಕೆ ಏರಿಸಲಿಲ್ಲ, ಅದರಲ್ಲಿ ಅಪಘಾತದಲ್ಲಿ ಸತ್ತವರ ಹೆಸರುಗಳಿವೆ. ಮಾಡೆಲ್ ಫೈಲಿನ ಒಳಗೂ ತುಂಡುಗಳ ಪಟ್ಟಿ ಇರುತ್ತದೆ, ಚಿಕ್ಕ ಹೆಸರಾದರೆ ಪೂರ್ತಿಯೇ ಸಿಗಬಹುದು. ಅದಕ್ಕೆ `min_df=5` ಅಂತ ಸೇರಿಸಿದೆವು, ಐದಕ್ಕಿಂತ ಕಡಿಮೆ ಸುದ್ದಿಯಲ್ಲಿ ಬಂದ ತುಂಡುಗಳು ಹೊರಗೆ. `requirements.txt`ನಲ್ಲಿ ಕಲಿಸುವಾಗ ಬಳಸಿದ scikit-learn ಆವೃತ್ತಿಯನ್ನೇ ಬರೆದೆವು. ಮೊದಲ ಸಲ ಬರೆಯದೆ, ಅಲ್ಲಿ ಬೇರೆ ಆವೃತ್ತಿ ಕೂತು ಮಾಡೆಲ್ ತೆರೆಯಲೇ ಇಲ್ಲ.

ಪುಟದ ಮೇಲ್ಗಡೆ, ಬಟನ್‌ಗಿಂತ ಮುಂಚೆ ಹೀಗೆ ಬರೆದಿದ್ದೇವೆ: 'ನಾಲ್ಕು ತಾಲೂಕು, ಇಬ್ಬರು ಬರೆದ 860 ಸುದ್ದಿಯಿಂದ ಕಲಿತದ್ದು. ಹೊಸ ಸುದ್ದಿಯಲ್ಲಿ ಐದಕ್ಕೆ ಒಂದು ತಪ್ಪುತ್ತದೆ. ನುಡಿ ಫಾಂಟಿನದು, ಇಂಗ್ಲಿಷಿನದು ಹಾಕಬೇಡಿ. ಸುದ್ದಿ ನಿಜವೋ ಸುಳ್ಳೋ ಇದು ಹೇಳುವುದಿಲ್ಲ.' ಗೆಳೆಯ ಓದಿ, 'ನೀವೇ ನಿಮ್ಮ ಕೆಲಸ ಕೆಡಿಸ್ಕೊಂಡ್ರಿ' ಅಂದ. ಅರ್ಜಿಯ ಜೊತೆ ಇದೇ ಲಿಂಕ್ ಹೋಗಿದೆ. ಉಚಿತ ಜಾಗ ಆದ್ದರಿಂದ ಬಹಳ ಹೊತ್ತು ಯಾರೂ ತೆರೆಯದಿದ್ದರೆ ಆ್ಯಪ್ ಮಲಗಿಬಿಡುತ್ತದೆ. ಎಬ್ಬಿಸಿದ ಮೇಲೂ ಸ್ವಲ್ಪ ಕಾಯಬೇಕು. ಹಾಗಾಗಿ ದಿನಾ ಬೆಳಿಗ್ಗೆ ಟೀ ಕುಡಿಯುವಾಗ ನಾವೇ ಒಮ್ಮೆ ತೆರೆದು ಇಡುತ್ತಿದ್ದೇವೆ.