ಸರಾಸರಿ ಹದಿನೈದು, ಕೈಗೆ ಬಂದದ್ದು ಒಂದು

ನಮ್ಮ ಓಣಿಯಲ್ಲಿ ನಿವೃತ್ತ ಗಣಿತ ಮಾಸ್ತರರೊಬ್ಬರಿದ್ದಾರೆ. ಧಾರವಾಡದಲ್ಲಿ ಮಾಸ್ತರರಿಗೆ ಬರವಿಲ್ಲ ಬಿಡ್ರಿ, ಆದರೆ ಇವರು ನಲವತ್ತು ವರ್ಷ ಹುಡುಗರಿಗೆ ಸರಾಸರಿ ಕಲಿಸಿದವರು. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಮೊಮ್ಮಗಳ ಓದಿಗೆಂದು ಎತ್ತಿಟ್ಟಿದ್ದರು. ಅದನ್ನು ಎಲ್ಲಿ ಹಾಕಬೇಕು ಅಂತ ಕೇಳಲು ಹೋದಲ್ಲಿ ಯಾರೋ ಒಂದು ಹಾಳೆ ಕೊಟ್ಟಿದ್ದರು. ಅದರಲ್ಲಿ ಸೆನ್ಸೆಕ್ಸ್‌ನ ಮೂರು ವರ್ಷದ ಅಂಕಿಗಳು: 2008ರಲ್ಲಿ 52.4 ಪರ್ಸೆಂಟ್ ಇಳಿಕೆ, 2009ರಲ್ಲಿ 81 ಪರ್ಸೆಂಟ್ ಏರಿಕೆ, 2010ರಲ್ಲಿ 17.4 ಪರ್ಸೆಂಟ್ ಏರಿಕೆ. ಕೆಳಗೆ ದಪ್ಪ ಅಕ್ಷರದಲ್ಲಿ, ‘ಕುಸಿತದ ವರ್ಷ ಸೇರಿಸಿದರೂ ಸರಾಸರಿ 15.3’.

“ಕೂಡಿಸಿ ನೋಡೇನಿ, ಮೂರರಿಂದ ಭಾಗಿಸಿ ನೋಡೇನಿ. ಬರೋಬ್ಬರಿ ಐತಿ” ಅಂದರು ಮಾಸ್ತರರು.

ಲೆಕ್ಕ ಬರೋಬ್ಬರಿಯೇ ಇತ್ತು. ಅಂಕಿಗಳೂ ಸುಳ್ಳಲ್ಲ. ಆದರೆ 2007ರ ಕೊನೆಗೆ ಸೆನ್ಸೆಕ್ಸ್ ಇದ್ದದ್ದು ಸುಮಾರು 20,287ಕ್ಕೆ, 2010ರ ಕೊನೆಗೆ ಇದ್ದದ್ದು ಸುಮಾರು 20,509ಕ್ಕೆ. ಮೂರು ವರ್ಷ ಸೇರಿ ಏರಿದ್ದು ಒಂದು ಪರ್ಸೆಂಟ್ ಚಿಲ್ಲರೆ. ಹಾಗಾದರೆ ಹದಿನೈದು ಎಲ್ಲಿ ಹೋಯಿತು?

ಹಾಳೆಯ ಹಿಂದೆಯೇ ಬರೆದು ನೋಡಿದೆವು. 2007ರ ಕೊನೆಗೆ ಒಂದು ಲಕ್ಷ ಹಾಕಿದಿರಿ ಅನ್ನಿ. ಮೊದಲ ವರ್ಷ 52.4 ಪರ್ಸೆಂಟ್ ಹೋಗಿ ಉಳಿದದ್ದು ಸುಮಾರು 47,550 ರೂಪಾಯಿ. ಎರಡನೇ ವರ್ಷ 81 ಪರ್ಸೆಂಟ್ ಬಂತು. ಆದರೆ ಅದು ಬಂದದ್ದು ಲಕ್ಷದ ಮೇಲಲ್ಲ, ಉಳಿದಿದ್ದ 47,550ರ ಮೇಲೆ. ಹೀಗಾಗಿ ಆದದ್ದು ಸುಮಾರು 86,090. ಮೂರನೇ ವರ್ಷ ಅದರ ಮೇಲೆ 17.4 ಸೇರಿ 1,01,100 ಆಸುಪಾಸು.

ಇಳಿಕೆ ತಿಂದದ್ದು ದೊಡ್ಡ ಗಂಟನ್ನು, ಏರಿಕೆ ಬೆಳೆಸಿದ್ದು ಸಣ್ಣ ಗಂಟನ್ನು. ಪರ್ಸೆಂಟ್‌ಗಳನ್ನು ಕೂಡಿಸುವಾಗ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ, ಯಾಕಂದರೆ ಕೂಡಿಸುವವನು ಪ್ರತಿವರ್ಷವೂ ಗಂಟು ಒಂದು ಲಕ್ಷವೇ ಇತ್ತು ಅಂತ ಹಿಡಿದಿರುತ್ತಾನೆ. ಬಿಟ್ಟಲ್ಲೇ ಬಿಟ್ಟ ದುಡ್ಡು ಕೂಡಿಕೆಯಿಂದ ಬೆಳೆಯುವುದಿಲ್ಲ, ಗುಣಾಕಾರದಿಂದ ಬೆಳೆಯುತ್ತದೆ. ಹಾಗಾಗಿ ಅದಕ್ಕೆ ಬೇಕಾದದ್ದು ಗುಣೋತ್ತರ ಸರಾಸರಿ. ಕೊನೆಯ ಬೆಲೆಯನ್ನು ಮೊದಲ ಬೆಲೆಯಿಂದ ಭಾಗಿಸಿ, ಮೂರು ವರ್ಷವಾದರೆ ಘನಮೂಲ ತೆಗೆಯಬೇಕು. ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಹೀಗೆ:

```
(20509/20287)^(1/3) - 1
```

ಉತ್ತರ 0.0036. ಅಂದರೆ ವರ್ಷಕ್ಕೆ 0.36 ಪರ್ಸೆಂಟ್. ಸೆನ್ಸೆಕ್ಸ್ ಸೂಚ್ಯಂಕದಲ್ಲಿ ಡಿವಿಡೆಂಡ್ ಸೇರಿರುವುದಿಲ್ಲ. ಅದನ್ನು ಸೇರಿಸಿದರೆ ಇದು ಸ್ವಲ್ಪ ಮೇಲೇರುತ್ತದೆ, ಹದಿನೈದಂತೂ ಆಗುವುದಿಲ್ಲ.

ಮಾಸ್ತರರು ಒಂದು ನಿಮಿಷ ಸುಮ್ಮನಿದ್ದು, “ಹಂಗಾರ ನಾ ಕಲಿಸಿದ ಸರಾಸರಿ ಸುಳ್ಳೇನೋ ತಮ್ಮಾ?” ಅಂದರು.

ಸುಳ್ಳಲ್ಲ. ಅದು ಬೇರೆ ಪ್ರಶ್ನೆಗೆ ಉತ್ತರ. ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುವವರೊಬ್ಬರು ಪ್ರತಿವರ್ಷ ಸರಿಯಾಗಿ ಒಂದೇ ಲಕ್ಷ ಹೂಡುತ್ತಾರೆ ಅನ್ನಿ. ಲಾಭ ಬಂದರೆ ಮನೆಗೆ ಒಯ್ಯುತ್ತಾರೆ, ಲುಕ್ಸಾನಾದರೆ ಮನೆಯಿಂದ ತಂದು ಮತ್ತೆ ಲಕ್ಷ ತುಂಬಿಸುತ್ತಾರೆ. ಅವರಿಗೆ ಇದೇ ಮೂರು ಅಂಕಿ ಬಂದರೆ ಮೊದಲ ವರ್ಷ 52,400 ಹೋಯಿತು, ಆಮೇಲೆ 81,000 ಮತ್ತು 17,400 ಬಂತು. ಒಟ್ಟು ಲಾಭ 46,000, ವರ್ಷಕ್ಕೆ 15,300. ಅವರ ಮಟ್ಟಿಗೆ ಶಾಲೆಯ ಸರಾಸರಿಯೇ ಖರೆ. ಆದರೆ ಮೊಮ್ಮಗಳ ದುಡ್ಡು ಹಾಗಲ್ಲ. ಅರ್ಧ ಕರಗಿದಾಗ ಮನೆಯಿಂದ ತಂದು ತುಂಬಿಸುವವರು ಯಾರೂ ಇರಲಿಲ್ಲ.

ಎರಡು ಸರಾಸರಿಗಳ ನಡುವಿನ ಈ ಅಂತರಕ್ಕೆ ಹಣಕಾಸಿನವರು ವೊಲಾಟಿಲಿಟಿ ಡ್ರ್ಯಾಗ್ ಅನ್ನುತ್ತಾರೆ. ಏರಿಳಿತದ ಎಳೆತ ಅನ್ನೋಣ. ಇದು ಯಾರೋ ಕಡಿದುಕೊಂಡ ಕಮಿಷನ್ ಅಲ್ಲ, ಫೀಸೂ ಅಲ್ಲ. ಏರಿಳಿತ ಎಷ್ಟು ದೊಡ್ಡದೋ ಅದರ ವರ್ಗದ ಲೆಕ್ಕದಲ್ಲಿ ಈ ಅಂತರ ಹಿಗ್ಗುತ್ತದೆ. ಅಂದಾಜಿಗೆ ಒಂದು ಸುಲಭ ದಾರಿ ಇದೆ. ಪ್ರತಿವರ್ಷದ ಅಂಕಿ ಸರಾಸರಿಯಿಂದ ಎಷ್ಟು ದೂರ ಅಂತ ನೋಡಿ, ಆ ದೂರಗಳ ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆದು, ಅದರ ಅರ್ಧವನ್ನು ಶಾಲೆಯ ಸರಾಸರಿಯಿಂದ ಕಳೆಯಬೇಕು. ನಮ್ಮ ಮೂರು ವರ್ಷಕ್ಕೆ ಆ ಅರ್ಧ 14.9 ಪರ್ಸೆಂಟ್ ಬರುತ್ತದೆ. 15.3ರಲ್ಲಿ ಅದನ್ನು ಕಳೆದರೆ ಉಳಿಯುವುದು ಅರ್ಧ ಪರ್ಸೆಂಟಿನ ಒಳಗೆ. ಸರಿಯಾದ ಉತ್ತರ 0.36, ಅದಕ್ಕೆ ಹತ್ತಿರವೇ. ಇಷ್ಟು ದೊಡ್ಡ ಏರಿಳಿತದಲ್ಲಿ ಅಂದಾಜು ಪ್ರತಿಸಲವೂ ಇಷ್ಟು ಚೆನ್ನಾಗಿ ಕೂಡುತ್ತದೆ ಅಂತ ನಂಬಬೇಡಿ. ಅದು ಸಣ್ಣ ಏರಿಳಿತಕ್ಕೆ ಹೊಂದುವ ಲೆಕ್ಕ.

ಇನ್ನೆರಡು ವರ್ಷ ಮುಂದೆ ಹೋದರೆ ವಿಚಿತ್ರ ಇನ್ನೂ ಎದ್ದು ಕಾಣುತ್ತದೆ. 2011ರಲ್ಲಿ 24.6 ಇಳಿಯಿತು, 2012ರಲ್ಲಿ 25.7 ಏರಿತು. ಐದು ವರ್ಷದ ಶಾಲೆ ಸರಾಸರಿ 9.4 ಪರ್ಸೆಂಟ್ ಲಾಭ. ಆದರೆ ಲಕ್ಷ ರೂಪಾಯಿ ಆಗಿದ್ದದ್ದು ಸುಮಾರು 95,760. ಸರಾಸರಿ ಲಾಭ ತೋರಿಸುತ್ತಿದೆ, ಗಂಟು ಮಾತ್ರ ಕರಗಿದೆ.

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗಳಿಕೆಯನ್ನು ಮ್ಯೂಚುವಲ್ ಫಂಡ್ ಜಾಹೀರಾತಿನಲ್ಲಿ ಸಿಎಜಿಆರ್ ಅಂದರೆ ಚಕ್ರಬಡ್ಡಿ ದರದಲ್ಲೇ ತೋರಿಸಬೇಕು ಅಂತ ಸೆಬಿ ನಿಯಮವಿದೆ. ಅದು ಗುಣೋತ್ತರ ಸರಾಸರಿಯೇ. ತೊಂದರೆ ಬರುವುದು ವರ್ಷವಾರು ಪಟ್ಟಿ ಕೊಟ್ಟು, ಸರಾಸರಿಯನ್ನು ಬಾಯಲ್ಲಿ ಹೇಳುವಲ್ಲಿ. ಪಟ್ಟಿಯಲ್ಲಿ ಒಂದಾದರೂ ದೊಡ್ಡ ಇಳಿಕೆ ಇದ್ದು, ಸರಾಸರಿ ಮಾತ್ರ ಚಂದ ಕಂಡರೆ, ಮೊದಲ ಬೆಲೆ ಎಷ್ಟು, ಕೊನೆಯ ಬೆಲೆ ಎಷ್ಟು ಅಂತ ಕೇಳಬೇಕು. ನಡುವಿನ ಅಂಕಿ ಯಾವುದೂ ಬೇಡ.

ಮಾಸ್ತರರು ಅಲ್ಲಿಗೆ ಬಿಡಲಿಲ್ಲ. “ಅರ್ಧ ಬ್ಯಾಂಕಿನ್ಯಾಗ ಇಟ್ಟಿದ್ರ?” ಅಂದರು. ಠೇವಣಿಗೆ ಎಂಟು ಪರ್ಸೆಂಟ್ ಅಂತ ಇಟ್ಟುಕೊಂಡೆವು. ಅರ್ಧ ಸೆನ್ಸೆಕ್ಸ್, ಅರ್ಧ ಠೇವಣಿ, ಪ್ರತಿವರ್ಷದ ಕೊನೆಗೆ ಎರಡನ್ನೂ ಮತ್ತೆ ಸಮ ಮಾಡುವುದು. ಮೊದಲ ವರ್ಷ 22.2 ಇಳಿಕೆ, ಆಮೇಲೆ 44.5 ಮತ್ತು 12.7 ಏರಿಕೆ. ಶಾಲೆ ಸರಾಸರಿ ಹದಿನೈದರಿಂದ 11.7ಕ್ಕೆ ಇಳಿಯಿತು. ಗಂಟು ಮಾತ್ರ ಸುಮಾರು 1,26,700 ಆಯಿತು. ಬರೀ ಸೆನ್ಸೆಕ್ಸ್ ಕೊಟ್ಟದ್ದು 1,01,100, ಬರೀ ಠೇವಣಿ ಕೊಡುತ್ತಿದ್ದದ್ದು ಸುಮಾರು 1,25,970. ಬೆರೆಸಿದ್ದು ಎರಡಕ್ಕಿಂತಲೂ ಮೇಲೆ, ಯಾಕಂದರೆ ಏರಿಳಿತ ಅರ್ಧವಾದಾಗ ಎಳೆತ ಸುಮಾರು ಕಾಲು ಭಾಗಕ್ಕೆ ಬಂದಿತು.

ಮೂರೇ ವರ್ಷದ ಲೆಕ್ಕ ಇದು, ಏಕಾಏಕಿ ಬಿದ್ದು ಏಕಾಏಕಿ ಎದ್ದ ವರ್ಷಗಳು. ತೆರಿಗೆ, ಠೇವಣಿ ಮುರಿದರೆ ಕಡಿಯುವ ಬಡ್ಡಿ ಇದರಲ್ಲಿಲ್ಲ. ಮಾರುಕಟ್ಟೆ ಒಂದೇ ಸಮನೆ ಏರುವ ವರ್ಷಗಳಲ್ಲಿ ಬೆರೆಸಿದವರಿಗೆ ಕಡಿಮೆಯೇ ಸಿಗುತ್ತದೆ. ಇನ್ನೊಂದು ಮಾತು: ಸಮ ಮಾಡುವುದು ಅಂದರೆ 2008ರ ಕೊನೆಗೆ, ಸೆನ್ಸೆಕ್ಸ್ ಅರ್ಧಕ್ಕಿಂತ ಕೆಳಗೆ ಬಿದ್ದಿದ್ದಾಗ, ಠೇವಣಿ ಮುರಿದು ಅಲ್ಲಿಗೇ ಹಾಕುವುದು.

“ಅವತ್ತು ನಾ ಹಾಕ್ತಿದ್ದಿಲ್ಲ ಬಿಡು” ಅಂದರು ಮಾಸ್ತರರು. ಹಾಳೆಯ ಮೇಲೆ 15.3ನ್ನು ಹೊಡೆದುಹಾಕಿ, ಪಕ್ಕದಲ್ಲಿ 0.36 ಬರೆದು, ಮೊಮ್ಮಗಳಿಗೆ ತೋರಿಸಬೇಕು ಅಂತ ಮಡಚಿ ಕಿಸೆಗೆ ಹಾಕಿಕೊಂಡರು.