ಸೊನ್ನೆ ಅಲ್ಲ, ಐದು

ದಮ್ಮಾಮ್‌ನಲ್ಲಿರೋ ಮಾವನಿಗೆ ಬಿಪಿ ಶುರುವಾದ ಮೇಲೆ, ಪ್ರತಿ ಶುಕ್ರವಾರ ಅವರ ಹೆಲ್ತ್ ಆಪ್‌ನ ಸ್ಕ್ರೀನ್‌ಶಾಟ್ ನಮ್ಮನೆಗೆ ಬರುತ್ತೆ. ಫೋನು ಪೂರ್ತಿ ಅರೇಬಿಕ್. ಒಂದ್ಸಲ ಹೃದಯದ ಚಿತ್ರದ ಪಕ್ಕ ٥٥ ನೋಡಿ ಅಮ್ಮ ಗಾಬರಿಯಾದ್ರು: "ಅಣ್ಣಂಗೆ ಸೊನ್ನೆ ಸೊನ್ನೆ ಅಂತ ತೋರಿಸ್ತಿದೆಯಲ್ಲೋ!"

ನನಗೆ ಅರೇಬಿಕ್ ಬರಲ್ಲ. ಹತ್ತು ಅಂಕಿ, ನಾಲ್ಕೈದು ಪದ ಕಲ್ತಿದ್ದೀನಿ, ಅಷ್ಟೇ. ನಮ್ಮ ೦ ಥರಾನೇ ಕಾಣೋ ಆ ٥ ಅಂದ್ರೆ ಐದು. ಅವರ ಸೊನ್ನೆ ಬರೀ ಒಂದು ಚುಕ್ಕಿ: ٠. ಅಲ್ಲಿಗೆ ಅದು 55. ಪಕ್ಕದ نبضة/دقيقة ಅಂದ್ರೆ ನಿಮಿಷಕ್ಕೆ ಇಷ್ಟು ಬಡಿತ. ಮೇಲೆ أثناء الراحة ಅಂತಿತ್ತು, ಅಂದರೆ ವಿಶ್ರಾಂತಿಯಲ್ಲಿದ್ದಾಗ. ದೊಡ್ಡವರಿಗೆ ಇದು ಸಾಮಾನ್ಯವಾಗಿ 60ರಿಂದ 100. ಚೆನ್ನಾಗಿ ನಡೆಯೋರಿಗೆ ಇನ್ನೂ ಕಡಿಮೆ ಇರಬಹುದು. ಆದರೆ ಬಿಪಿಯ ಕೆಲವು ಮಾತ್ರೆಗಳೂ ಬಡಿತ ಇಳಿಸುತ್ತವೆ. ಹಾಗಾಗಿ ಫೋನ್ ಮಾಡಿ, ತಲೆ ಸುತ್ತುತ್ತಾ ಅಂತ ಕೇಳಿದ್ವಿ. ಇಲ್ವಂತೆ. ಆದ್ರೂ ಮುಂದಿನ ಸಲ ಡಾಕ್ಟರಿಗೆ ಈ ಅಂಕಿ ತೋರಿಸಿ ಅಂದೆ.

ನಿದ್ದೆಯ ಸಾಲು ಹೀಗಿತ್ತು:

٦ س ٥٠ د

س ಗಂಟೆ, د ನಿಮಿಷ. ಸಾಲನ್ನು ಬಲದಿಂದ ಓದಬೇಕು, ಒಂದು ಸಂಖ್ಯೆಯೊಳಗೆ ಮಾತ್ರ ನಮ್ಮ ಹಾಗೇ ಎಡದಿಂದ. ಅಂದರೆ 6 ಗಂಟೆ 50 ನಿಮಿಷ. ಎಡದಿಂದಲೇ ಶುರು ಮಾಡಿದ್ರೆ ಐವತ್ತು ಮೊದಲು ಸಿಕ್ಕಿ ಎಲ್ಲಾ ಗೊಂದಲ.

ಹೆಜ್ಜೆಗಳದ್ದೂ ಅದೇ ಕ್ರಮ:

٨٬٢٥٠ من ١٠٬٠٠٠ خطوة

10,000 ಹೆಜ್ಜೆಯ ಗುರಿಯಲ್ಲಿ 8,250. ಇಲ್ಲಿ ٧ ಏಳು, ಅದನ್ನೇ ತಲೆಕೆಳಗು ಮಾಡಿದ ٨ ಎಂಟು. ಎರಡು ಅದಲು ಬದಲಾದ್ರೆ ಸಾವಿರ ಹೆಜ್ಜೆ ಮಾಯ! ಗುರಿ ಮುಟ್ಟಿಲ್ಲ ಅಂತ ಅಮ್ಮ ಬೈಯೋಕೆ ಹೊರಟಿದ್ರು. ಸ್ಕ್ರೀನ್‌ನ ಮೇಲ್ತುದಿಯಲ್ಲಿ ٥:٣٠ م ಅಂತಿತ್ತು. م ಅಂದ್ರೆ ಸಂಜೆ. ಮಾವನ ರಾತ್ರಿ ವಾಕಿಂಗ್ ಇನ್ನೂ ಬಾಕಿ ಇತ್ತು.