ಸೆಕೆಂಡು ಮಗುಚುವ ಗಳಿಗೆ

ಬೆಳಿಗ್ಗೆ 9.15ಕ್ಕೆ ಎನ್‌ಎಸ್‌ಇ ವಹಿವಾಟು ಶುರುವಾದರೆ, ನಾಗರಬಾವಿ ಎರಡನೇ ಹಂತದ ನಮ್ಮ ಮನೆಯಲ್ಲಿ ನನ್ನ ಕಣ್ಣು ಮೊದಲು ಹೋಗುವುದು ನಿಫ್ಟಿಯ ಅಂಕಿಯ ಪಕ್ಕದಲ್ಲಿ ನಾನೇ ಬರೆದುಕೊಂಡ ಇನ್ನೊಂದು ಅಂಕಿಯ ಕಡೆಗೆ. ಮುಂಬೈಯಲ್ಲಿ ಹುಟ್ಟಿದ ಬೆಲೆ ಇಲ್ಲಿಗೆ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ಅದು ಹೇಳುತ್ತದೆ. ‘ಶೇರು ನೋಡೋದು ಬಿಟ್ಟು ಗಡಿಯಾರ ನೋಡ್ತಾ ಕೂತಿರ್ತೀರಲ್ಲ ಸಾರ್’ ಎಂದು ಎದುರುಮನೆಯ ಮೇಷ್ಟ್ರು ಕೇಳುತ್ತಾರೆ. ಹೌದು, ನನಗೆ ಅದೇ ಇಷ್ಟ. ಹಳಸಿದ ಬೆಲೆಯನ್ನು ತಾಜಾ ಎಂದುಕೊಂಡು ಆರ್ಡರ್ ಹಾಕುವ ಪ್ರೋಗ್ರಾಮ್ ಎಷ್ಟು ಜಾಣತನದ್ದಾದರೂ ಪ್ರಯೋಜನವಿಲ್ಲ.

ಈ ದಾರಿಗೆ ಒಂದು ತಳಮಟ್ಟವಿದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿಂದ ಮುಂಬೈಗೆ ನೇರ ಗೆರೆ ಎಳೆದರೆ 840 ಕಿಲೋಮೀಟರಿನ ಆಸುಪಾಸು. ಹಾಗಾಗಿ ಹೋಗಿಬರಲು 8 ಮಿಲಿಸೆಕೆಂಡಿಗಿಂತ ಕಡಿಮೆ ಸಾಧ್ಯವೇ ಇಲ್ಲ. ಕೇಬಲ್ಲು ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ಬ್ರೋಕರ್‌ನ ಸರ್ವರ್ ಬೇರೆ ಇದೆ. ಎಕ್ಸ್‌ಚೇಂಜಿನ ಕಟ್ಟಡದೊಳಗೇ ಯಂತ್ರ ಇಟ್ಟು ಮೈಕ್ರೊಸೆಕೆಂಡಿಗೆ ಪೈಪೋಟಿ ನಡೆಸುವವರ ಆಟ ನಮ್ಮದಲ್ಲ. ನಮಗೆ ಬೇಕಾದದ್ದು ನಿನ್ನೆಯಂತೆಯೇ ಇಂದೂ ಇದೆಯೇ ಎಂಬ ಖಾತರಿ.

ಬೆಲೆಯ ತಡವನ್ನು ಅಳೆಯುವುದು ಕೇಳಲು ಸುಲಭ: ಎಕ್ಸ್‌ಚೇಂಜ್ ಹಾಕಿದ ಸಮಯವನ್ನು ನಮಗೆ ತಲುಪಿದ ಸಮಯದಿಂದ ಕಳೆದರಾಯಿತು. ತೊಡಕು ಎಲ್ಲೆಂದರೆ, ನನ್ನಂಥ ಚಿಲ್ಲರೆ ಗ್ರಾಹಕನಿಗೆ ಬ್ರೋಕರ್ ಕಳಿಸುವ ಟಿಕ್‌ನಲ್ಲಿ ಆ ಸಮಯ ಪೂರ್ತಿ ಸೆಕೆಂಡಿನಲ್ಲಿರುತ್ತದೆ, ಅದರ ಚೂರುಗಳು ಇರುವುದಿಲ್ಲ. ತಾರೀಖು ಮಾತ್ರ ಇರುವ ಅಂಚೆ ಮುದ್ರೆ ನೋಡಿ ಕಾಗದವನ್ನು ಬೆಳಿಗ್ಗೆ ಹಾಕಿದರೋ ಸಂಜೆಯೋ ಎಂದು ಹೇಳಲಾಗದಷ್ಟೇ ಕಷ್ಟ ಇದು. 10:05:07 ಎಂಬ ಮುದ್ರೆಯ ಟಿಕ್ 10:05:07.900ಕ್ಕೆ ಬಂದರೆ ತಡ 900 ಮಿಲಿಸೆಕೆಂಡೂ ಇರಬಹುದು, ಬರೀ 50 ಕೂಡ ಇರಬಹುದು.

ಇದಕ್ಕೊಂದು ಉಪಾಯವಿದೆ, ನನಗೆ ಈ ಕೆಲಸದ ರುಚಿ ಹತ್ತಿಸಿದ್ದೇ ಅದು. ಎಲ್ಲ ಟಿಕ್‌ಗಳನ್ನೂ ಬಿಟ್ಟುಬಿಡಿ. ಹೊಸ ಸೆಕೆಂಡಿನ ಮುದ್ರೆ ಹೊತ್ತು ಬರುವ ಮೊದಲನೆಯ ಟಿಕ್ ಒಂದನ್ನೇ ಹಿಡಿಯಿರಿ. ಅದು ಮುಂಬೈಯಲ್ಲಿ ಸೆಕೆಂಡು ಮಗುಚಿದ ಕೂಡಲೇ ಹೊರಟದ್ದು, ಹಾಗಾಗಿ ಅದರ ಮುದ್ರೆ ಹೆಚ್ಚುಕಡಿಮೆ ನಿಜ.

```python
now = time.time()
if tick_sec > last_sec:
    lag = now - tick_sec
    last_sec = tick_sec
```

ಒಂದೇ ಶೇರನ್ನು ನೋಡಿದರೆ ಸಾಲದು. ನಿಫ್ಟಿ ಫ್ಯೂಚರ್ಸ್, ಬ್ಯಾಂಕ್ ನಿಫ್ಟಿ, ಚುರುಕಾಗಿ ಓಡುವ ನಾಲ್ಕಾರು ದೊಡ್ಡ ಶೇರುಗಳು, ಎಲ್ಲವನ್ನೂ ಒಂದೇ ಹೊಳೆ ಎಂದುಕೊಂಡು ನೋಡಿದರೆ ಸೆಕೆಂಡು ಮಗುಚುವುದಕ್ಕೂ ಮೊದಲ ಟಿಕ್‌ಗೂ ನಡುವಿನ ಅಂತರ ಕಿರಿದಾಗುತ್ತದೆ. ಹೀಗೆ ಸೆಕೆಂಡಿಗೊಂದು ಅಳತೆ, ನಿಮಿಷಕ್ಕೆ ಅರುವತ್ತು ಸಿಗುತ್ತವೆ. ಅವುಗಳ ಮಧ್ಯಾಂಕವನ್ನು, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ನಿಲ್ಲುವುದನ್ನು, ನಾನು ಬರೆದಿಡುತ್ತೇನೆ. ಸರಾಸರಿಯನ್ನು ನಂಬುವುದಿಲ್ಲ, ಒಂದೇ ಒಂದು ಕೆಟ್ಟ ಟಿಕ್ ಅದನ್ನು ಎಳೆದುಕೊಂಡು ಹೋಗುತ್ತದೆ.

ಇಷ್ಟೆಲ್ಲ ನಿಂತಿರುವುದು ನನ್ನ ಗಡಿಯಾರ ಸರಿಯಿದೆ ಎಂಬುದರ ಮೇಲೆ. ಕಂಪ್ಯೂಟರಿನ ಗಡಿಯಾರ ತಾನಾಗಿ ಜಾರುತ್ತದೆ. ಅದಕ್ಕೇ ಕ್ರೋನಿ ಓಡಿಸಿ, ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ `time.nplindia.org` ಮತ್ತು ಇನ್ನೆರಡು ಸಮಯ ಸರ್ವರ್‌ಗಳಿಗೆ ಜೋಡಿಸಿದ್ದೇನೆ. `chronyc tracking` ಎಂದು ಟೈಪಿಸಿದರೆ ಎಷ್ಟು ಹಿಂದೆ ಮುಂದೆ ಇದ್ದೇವೆಂದು ತಿಳಿಯುತ್ತದೆ. ತಡ ಸೊನ್ನೆಗಿಂತ ಕೆಳಗಿಳಿದರೆ, ಅಂದರೆ ಟಿಕ್ ಹೊರಡುವ ಮೊದಲೇ ತಲುಪಿದಂತೆ ಕಂಡರೆ, ಮೊದಲು ಅನುಮಾನಿಸಬೇಕಾದ್ದು ಗಡಿಯಾರವನ್ನು.

ಚಂದ್ರಾ ಲೇಔಟಿನ ಗೆಳೆಯರೊಬ್ಬರ ಯಂತ್ರದಲ್ಲಿ ನಡೆದದ್ದನ್ನು ಹೇಳಬೇಕು. ಎಕ್ಸ್‌ಪೈರಿಯ ದಿನ, ಮಧ್ಯಾಹ್ನ ಎರಡೂವರೆಯ ಮೇಲೆ, ಅವರ ತಡ 200 ಮಿಲಿಸೆಕೆಂಡಿನಿಂದ 340, 600, 1,100 ಎಂದು ಮೆಟ್ಟಿಲು ಹತ್ತತೊಡಗಿತು. ಆರ್ಡರ್‌ಗಳು ಮಾತ್ರ ಎಂದಿನ ವೇಗದಲ್ಲೇ ಹೋಗಿಬರುತ್ತಿದ್ದವು, ಪಿಂಗ್ ಕೂಡ ಮಾಮೂಲು. ದಾರಿ ಕೆಟ್ಟಿದ್ದರೆ ಎರಡೂ ಕೆಡಬೇಕಿತ್ತು. ದಾರಿ ಬದಲಾಗಿ, ಡೇಟಾ ಬೇರೆ ಊರು ಸುತ್ತಿ ಬರುವಂತಾದರೆ ತಡ ಒಂದೇ ಏಟಿಗೆ ಮೇಲೇರಿ ಅಲ್ಲೇ ನಿಲ್ಲುತ್ತದೆ. ಹೀಗೆ ಬೆಳೆಯುತ್ತಲೇ ಹೋಗುವುದು ಎಲ್ಲೋ ಸಾಲು ನಿಂತಿರುವ ಲಕ್ಷಣ. `ss -tn` ಕೊಟ್ಟು ನೋಡಿದರೆ ಆ ಕನೆಕ್ಷನ್ನಿನ `Recv-Q` ಸಾವಿರಾರು ಬೈಟ್ ತುಂಬಿಕೊಂಡಿತ್ತು. ಅಂದರೆ ಟಿಕ್‌ಗಳು ಮನೆಯವರೆಗೂ ಬಂದಿವೆ, ಪ್ರೋಗ್ರಾಮ್ ಎತ್ತಿಕೊಳ್ಳುತ್ತಿಲ್ಲ. ಆ ಹೊತ್ತಿನಲ್ಲಿ ಟಿಕ್‌ಗಳು ಹೆಚ್ಚಾಗಿದ್ದವು, ಅದೇ ಪ್ರೋಗ್ರಾಮ್ ಪ್ರತಿಯೊಂದನ್ನೂ ಡಿಸ್ಕಿಗೆ ಬರೆದ ಮೇಲಷ್ಟೇ ಮುಂದಿನದನ್ನು ಓದುತ್ತಿತ್ತು. ಬರೆಯುವ ಕೆಲಸವನ್ನು ಬೇರೆ ಥ್ರೆಡ್‌ಗೆ ಕೊಟ್ಟ ಮೇಲೆ ತಡ ತನ್ನ ಜಾಗಕ್ಕೆ ಇಳಿಯಿತು. `Recv-Q` ಸೊನ್ನೆಯಿದ್ದೂ ತಡ ಬೆಳೆಯುತ್ತಿದ್ದರೆ ಸಾಲು ಬ್ರೋಕರ್ ಕಡೆಯದೆಂದು ಬಹುಮಟ್ಟಿಗೆ ಹೇಳಬಹುದು. ಆಗ ನಾವು ಮಾಡಬಹುದಾದದ್ದು ಕೈ ಕಟ್ಟಿಕೊಳ್ಳುವುದು.

ಆರ್ಡರಿನ ಹೋಗಿಬರುವ ಕಾಲಕ್ಕೆ ಎರಡು ಗಡಿಯಾರ ಬೇಡ, ಹೊರಟದ್ದೂ ಮರಳಿದ್ದೂ ನಮ್ಮಲ್ಲೇ. ಅದಕ್ಕೆ `time.monotonic()` ಬಳಸಬೇಕು, ಕ್ರೋನಿ ಸಮಯ ತಿದ್ದಿದರೂ ಅದು ಹಿಂದಕ್ಕೆ ಓಡುವುದಿಲ್ಲ. ಬಹಳ ಜನ ಆರ್ಡರ್ ನಂಬರ್ ಕೈಗೆ ಬಂದ ಕೂಡಲೇ ಅಳತೆ ಮುಗಿಯಿತೆನ್ನುತ್ತಾರೆ. ಆ ನಂಬರ್ ಕೊಡುವುದು ಬ್ರೋಕರ್. ಆರ್ಡರ್ ಎಕ್ಸ್‌ಚೇಂಜ್ ಮುಟ್ಟಿತೆಂದು ಗೊತ್ತಾಗುವುದು ಆಮೇಲೆ, `OPEN` ಎಂಬ ಸುದ್ದಿ ಬಂದಾಗ. ಎರಡನ್ನೂ ಬೇರೆ ಬೇರೆ ಬರೆದಿಡಬೇಕು. ಮೊದಲನೆಯದು ಎಂದಿನಂತಿದ್ದು ಎರಡನೆಯದು ಹಿಗ್ಗಿದರೆ ನಮ್ಮ ಇಂಟರ್ನೆಟ್ಟನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅಳೆಯಲೆಂದೇ ಸುಳ್ಳು ಆರ್ಡರ್ ಹಾಕಿ ರದ್ದು ಮಾಡುವುದು ನನಗೆ ಒಪ್ಪಿಗೆಯಿಲ್ಲ. ನಿಜವಾದ ಆರ್ಡರ್‌ಗಳಿಂದ ಸಿಕ್ಕಷ್ಟೇ ಅಳತೆ ಸಾಕು.

ಇನ್ನು ಎಚ್ಚರಿಕೆಯ ಗಂಟೆ. ದಿನವಿಡೀ ಒಂದೇ ಮಿತಿ ಇಟ್ಟರೆ ಬೆಳಿಗ್ಗೆ ಮಾರುಕಟ್ಟೆ ತೆರೆಯುವಾಗ ನಿತ್ಯವೂ ಬಾರಿಸುತ್ತದೆ, ನಾಲ್ಕು ದಿನದಲ್ಲಿ ಕಿವಿ ಅದನ್ನು ಮರೆಯುತ್ತದೆ. ಅದಕ್ಕೆ ಈ ನಿಮಿಷದ ಮಧ್ಯಾಂಕವನ್ನು ಹಿಂದಿನ ದಿನಗಳ ಇದೇ ಅರ್ಧಗಂಟೆಯ ಮಧ್ಯಾಂಕದ ಜೊತೆ ಹೋಲಿಸುತ್ತೇನೆ. ಸತತ ಮೂರು ನಿಮಿಷ ಎರಡು ಪಟ್ಟು ದಾಟಿದರೆ ಫೋನಿಗೆ ಸುದ್ದಿ. ಐದು ನಿಮಿಷ ಒಂದೂವರೆ ಪಟ್ಟಿಗಿಂತ ಕೆಳಗಿದ್ದರೆ ಮಾತ್ರ ಸರಿಹೋಯಿತೆಂಬ ಸುದ್ದಿ. ಎರಡಕ್ಕೂ ಒಂದೇ ಗೆರೆ ಇಟ್ಟರೆ ಗೆರೆಯ ಆಚೀಚೆ ತೂಗಾಡುತ್ತಾ ತಲೆ ಚಿಟ್ಟುಹಿಡಿಸುತ್ತದೆ.

ಟಿಕ್ ಬರದೇ ಇದ್ದರೆ ತಡದ ಅಳತೆಯೂ ಹುಟ್ಟುವುದಿಲ್ಲ, ಪರದೆ ಹಸಿರಾಗಿಯೇ ಇರುತ್ತದೆ. ಹಾಗಾಗಿ ಮೌನಕ್ಕೆ ಬೇರೆಯದೇ ಗಂಟೆ ಬೇಕು, ಅದೂ ಒಂದೊಂದು ಸಂಕೇತಕ್ಕೂ. 2021ರ ಫೆಬ್ರವರಿ 24ರಂದು ಟೆಲಿಕಾಂ ಸಂಪರ್ಕದ ತೊಂದರೆಯಿಂದ ಎನ್‌ಎಸ್‌ಇ 11.40ಕ್ಕೆ ವಹಿವಾಟು ನಿಲ್ಲಿಸಿತು, ಮತ್ತೆ ತೆರೆದದ್ದು ಸಂಜೆ 3.45ಕ್ಕೆ, ನಡೆದದ್ದು 5ರವರೆಗೆ. ನಿಲ್ಲುವ ಮುಂಚೆಯೇ ಸೂಚ್ಯಂಕದ ಅಂಕಿಗಳು ಸರಿಯಾಗಿ ಬರುತ್ತಿರಲಿಲ್ಲ, ಶೇರುಗಳು ಮಾತ್ರ ಕೈ ಬದಲಾಗುತ್ತಲೇ ಇದ್ದವು. ಇಡೀ ಹೊಳೆಯ ತಡವನ್ನಷ್ಟೇ ನೋಡುವವರಿಗೆ ಅಂಥ ದಿನ ಏನೂ ಕಾಣಿಸುವುದಿಲ್ಲ. ಫ್ಯೂಚರ್ಸ್ ಓಡುತ್ತಿರುವಾಗ ಸೂಚ್ಯಂಕ ಹತ್ತು ಸೆಕೆಂಡು ಅಲುಗದಿದ್ದರೆ ನನ್ನ ಗಂಟೆ ಬಾರಿಸುತ್ತದೆ.

ಗಂಟೆಯೂ ಇದೇ ಮನೆಯ ಬ್ರಾಡ್‌ಬ್ಯಾಂಡ್ ನಂಬಿದ್ದರೆ ಫಲವಿಲ್ಲ. ನಮ್ಮ ಬೀದಿಯಲ್ಲಿ ಫೈಬರ್ ಕಂಬದಿಂದ ಕಂಬಕ್ಕೆ ತೂಗುತ್ತದೆ, ಮೇ ತಿಂಗಳ ಮಳೆಗೆ ಒಂದು ಕೊಂಬೆ ಬಿದ್ದರೆ ಸಾಕು. ರೂಟರಿಗೆ ಯುಪಿಎಸ್ ಇದೆ, ಆದರೆ ಕರೆಂಟು ಹೋದಾಗ ಬೀದಿ ಕೊನೆಯ ಪೆಟ್ಟಿಗೆಯೂ ಸತ್ತರೆ ನಮ್ಮ ಯುಪಿಎಸ್ ಏನು ಮಾಡೀತು? ಅದಕ್ಕೆ ಮುಂಬೈಯಲ್ಲಿ ಬಾಡಿಗೆಗೆ ಹಿಡಿದ ಪುಟ್ಟ ಸರ್ವರ್ ಒಂದು ಇಪ್ಪತ್ತು ಸೆಕೆಂಡಿಗೊಮ್ಮೆ ಈ ಮನೆಯಿಂದ ‘ಇದ್ದೇನೆ’ ಎಂಬ ಸುದ್ದಿಗೆ ಕಾಯುತ್ತದೆ. ಮೂರು ಸಲ ತಪ್ಪಿದರೆ ಅಲ್ಲಿಂದಲೇ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ. ಇಲ್ಲಿ ಪ್ರೋಗ್ರಾಮ್ ಹೊಸ ಆರ್ಡರ್ ಹಾಕುವುದನ್ನು ತಾನೇ ನಿಲ್ಲಿಸಿರುತ್ತದೆ. ಸ್ಟಾಪ್‌ಲಾಸ್ ಆರ್ಡರ್‌ಗಳು ಮೊದಲೇ ಎಕ್ಸ್‌ಚೇಂಜಿನಲ್ಲಿ ಕೂತಿರುವುದರಿಂದ ಅವಕ್ಕೆ ನಮ್ಮ ಬೀದಿಯ ಕಂಬದ ಹಂಗಿಲ್ಲ.